ಬೆಂಕಿಗೆ ಜೀವ ಇದೆಯಾ, ಮಿಸ್?

ನಮಸ್ಕಾರ. ‘ಪ್ರಶ್ನೆ ಮತ್ತು ವಿನಯ’ ಅನ್ನುವ ವಿಷಯ ಕೊಟ್ಟು ಮಾತಾಡಲು ಕರೆದಿದ್ದೀರಿ. ಭಾಷಣ ಬರೆಯೋಣವೆಂದು ಕೂತೆ, ಆಗಲಿಲ್ಲ. ಎರಡು ತಿಂಗಳ ಹಿಂದೆ ಇದೇ ವಿಷಯದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿಗೆ ಪತ್ರ ಬರೆದಿದ್ದೆ. ಹೇಳಬೇಕಾದದ್ದೆಲ್ಲ ಅದರಲ್ಲೇ ಖರ್ಚಾಗಿಹೋಗಿತ್ತು. ಹಾಗಾಗಿ ಅವಳ ಅನುಮತಿ ಪಡೆದು ಆ ಪತ್ರವನ್ನೇ ಓದುತ್ತೇನೆ. ನಡುನಡುವೆ ನಿಮಗೆ ಅಂತ ಒಂದೆರಡು ಮಾತು ಸೇರಿಸುತ್ತೇನೆ. ಗಾರ್ಗಿ–ಯಾಜ್ಞವಲ್ಕ್ಯರ ಕಥೆ ಬಂದೇ ಬರುತ್ತದೆ ಅಂದುಕೊಂಡು ಬಂದವರು ಕ್ಷಮಿಸಬೇಕು. ಅದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಹುಡುಗಿಯ ಹೆಸರು ಬೇಡ. ಶಾಲೆ ಯಾವುದು ಅನ್ನುವುದೂ ಬೇಡ. ಅವಳು ನನಗೆ ಬರೆದದ್ದು ಇಷ್ಟು: ವಿಜ್ಞಾನದ ತರಗತಿಯಲ್ಲಿ ಒಂದೇ ವಿಷಯದ ಮೇಲೆ ಐದು ಸಲ ಪ್ರಶ್ನೆ ಕೇಳಿದೆ. ಮಿಸ್ ‘ವಿತಂಡವಾದ ಸಾಕು, ಕೂತ್ಕೋ’ ಅಂದರು. ಮನೆಗೆ ಬಂದರೆ ಅಲ್ಲೂ ಉದ್ಧಟತನ ಅಂದರು. ಒಂದು ಸಲ ಕೇಳಿದರೆ ಜಾಣೆ, ಐದು ಸಲ ಕೇಳಿದರೆ ಉದ್ಧಟೆ ಅಂತಾದರೆ ಎಷ್ಟನೇ ಸಲಕ್ಕೆ ಜಾಣತನ ನಿಂತು ಉದ್ಧಟತನ ಶುರುವಾಗುತ್ತದೆ, ನೀವು ತತ್ವಶಾಸ್ತ್ರದ ಮೇಷ್ಟ್ರಲ್ಲವೇ, ಹೇಳಿ.

ಈ ಕೊನೆಯ ಸಾಲು ಓದಿದಾಗಲೇ ಇವಳಿಗೆ ಉದ್ದದ ಪತ್ರ ಬರೆಯಬೇಕು ಅನ್ನಿಸಿತು.

ಪ್ರೀತಿಯ ಮಗೂ,

ನಿನ್ನ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಕೊಡಲಾರೆ. ಆದರೆ ನೀನು ಕೇಳಿದ ಐದು ಪ್ರಶ್ನೆಗಳನ್ನೂ ಬಂದ ಉತ್ತರಗಳನ್ನೂ ಬರೆದು ಕಳಿಸಿದ್ದು ಒಳ್ಳೆಯದಾಯಿತು. ಜಗಳ ಆದಮೇಲೆ ಹೆಚ್ಚಿನವರು ತಮಗಾದ ನೋವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ, ಆಡಿದ ಮಾತನ್ನಲ್ಲ. ನೀನು ಬರೆದಂತೆಯೇ ಅದನ್ನು ಮತ್ತೊಮ್ಮೆ ನೋಡೋಣ.

ಜೀವಿಗಳ ಲಕ್ಷಣ ಏನೆಂದು ಮಿಸ್ ಹೇಳಿದರು: ಜೀವಿಗಳು ಆಹಾರ ತೆಗೆದುಕೊಳ್ಳುತ್ತವೆ, ಬೆಳೆಯುತ್ತವೆ, ತಮ್ಮಂಥವನ್ನೇ ಹುಟ್ಟಿಸುತ್ತವೆ. ನೀನು ಕೇಳಿದೆ: ‘ಬೆಂಕಿಗೆ ಜೀವ ಇದೆಯಾ, ಮಿಸ್? ಅದೂ ಸೌದೆ ತಿನ್ನುತ್ತೆ, ದೊಡ್ಡದಾಗುತ್ತೆ, ಒಂದು ಕಿಡಿಯಿಂದ ಇನ್ನೊಂದು ಬೆಂಕಿ ಹುಟ್ಟುತ್ತೆ.’ ಅವರು ಹೇಳಿದರು: ಇಲ್ಲ, ಬೆಂಕಿಯಲ್ಲಿ ಜೀವಕೋಶ ಇಲ್ಲ. ನೀನು ಎರಡನೇ ಸಲ ಕೇಳಿದೆ: ‘ಹಾಗಾದರೆ ಜೀವಕೋಶ ಇರಬೇಕು ಅನ್ನೋದನ್ನೂ ಲಕ್ಷಣಕ್ಕೆ ಸೇರಿಸಬೇಕಲ್ವಾ?’ ಸೇರಿಸಿಕೋ ಅಂದರು. ಮೂರನೆಯದು: ‘ಹೇಸರಗತ್ತೆ ಮರಿ ಹಾಕಲ್ಲವಲ್ಲ ಮಿಸ್, ಅದು ಜೀವಿ ಅಲ್ವಾ?’ ಅದೊಂದು ಅಪವಾದ ಅಂದರು. ನಾಲ್ಕನೆಯದು: ‘ಯಾವುದು ಅಪವಾದ ಅಂತ ಯಾರು ತೀರ್ಮಾನ ಮಾಡೋದು?’ ತರಗತಿ ನಕ್ಕಿತು. ‘ವಿತಂಡವಾದ ಸಾಕು’ ಅನ್ನುವ ಮಾತು ಬಂದದ್ದು ಆಗ. ನೀನು ಕೂರದೆ, ‘ಆದರೆ ನನ್ನ ಪ್ರಶ್ನೆಗೆ ಉತ್ತರ ಬಂತಾ?’ ಅಂದೆ. ಅದು ಐದನೆಯದು.

ಮೊದಲು ಆ ಬೈಗುಳದ ವಿಚಾರ. ವಿತಂಡ ಎನ್ನುವುದನ್ನು ನಾವು ಮೊಂಡು ಮಾತು, ತಲೆಹರಟೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ತರ್ಕಶಾಸ್ತ್ರದಲ್ಲಿ ಅದಕ್ಕೆ ಬಹಳ ಖಚಿತವಾದ ಅರ್ಥವಿದೆ. ಗೌತಮನ ನ್ಯಾಯಸೂತ್ರ ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಿಜ ಏನೆಂದು ತಿಳಿಯಲು ನಡೆಸುವುದು ವಾದ. ಗೆಲ್ಲಬೇಕೆಂದು ನಡೆಸುವುದು ಜಲ್ಪ. ಆ ಜಲ್ಪದಲ್ಲೇ ತನ್ನದೊಂದು ಪಕ್ಷವನ್ನು ನಿಲ್ಲಿಸುವ ಗೋಜಿಗೆ ಹೋಗದೆ ಎದುರಿನವರ ಪಕ್ಷವನ್ನು ಕೆಡವುತ್ತ ಹೋದರೆ ಅದು ವಿತಂಡ. ಅಂದರೆ ವಿತಂಡದ ಲೆಕ್ಕ ಎಷ್ಟು ಸಲ ಕೇಳಿದೆ ಅನ್ನುವುದರಲ್ಲಿಲ್ಲ. ನೂರು ಸಲ ಕೇಳಿಯೂ ವಾದದಲ್ಲೇ ಇರಬಹುದು, ಒಂದೇ ಒಂದು ಪ್ರಶ್ನೆಯಲ್ಲಿ ವಿತಂಡಕ್ಕೆ ಇಳಿದುಬಿಡಬಹುದು. ಹಾಗಾಗಿ ‘ಎಷ್ಟನೇ ಸಲಕ್ಕೆ’ ಎಂಬ ನಿನ್ನ ಪ್ರಶ್ನೆಯನ್ನು ‘ಯಾವ ಪ್ರಶ್ನೆಯಲ್ಲಿ’ ಅಂತ ತಿದ್ದಿಕೊಂಡರೆ ಉತ್ತರ ಹುಡುಕಬಹುದು.

ನಿನ್ನ ಒಂದು ಮತ್ತು ಮೂರನೇ ಪ್ರಶ್ನೆಗಳನ್ನು ಪಕ್ಕಪಕ್ಕ ಇಡು. ನಿನಗೇ ಗೊತ್ತಿಲ್ಲದೆ ನೀನು ಒಂದು ಹಳೆಯ ಕೆಲಸ ಮಾಡಿದ್ದೀಯ. ಯಾವುದಕ್ಕಾದರೂ ಲಕ್ಷಣ ಹೇಳಿದರೆ ಅದು ಮೂರು ರೀತಿ ಕೆಡಬಹುದು ಎಂದು ತರ್ಕದ ಪಾಠದಲ್ಲಿ ಮೊದಲಿಗೇ ಹೇಳಿಕೊಡುತ್ತಾರೆ, ಹಸುವಿನ ಉದಾಹರಣೆ ಇಟ್ಟುಕೊಂಡು. ‘ಹಸು ಅಂದರೆ ಕೊಂಬಿರುವ ಪ್ರಾಣಿ’ ಅಂದರೆ ಎಮ್ಮೆಯೂ ಒಳಗೆ ಬಂದುಬಿಡುತ್ತದೆ. ಇದು ಅತಿವ್ಯಾಪ್ತಿ. ‘ಹಸು ಅಂದರೆ ಕಪಿಲ ಬಣ್ಣದ ಪ್ರಾಣಿ’ ಅಂದರೆ ಬಿಳಿ ಹಸು ಹೊರಗೆ ಉಳಿಯುತ್ತದೆ. ಇದು ಅವ್ಯಾಪ್ತಿ. ‘ಹಸು ಅಂದರೆ ಒಂಟಿ ಗೊರಸಿನ ಪ್ರಾಣಿ’ ಅಂದರೆ ಯಾವ ಹಸುವೂ ಸಿಗುವುದಿಲ್ಲ, ಹಸುವಿನದು ಸೀಳುಗೊರಸು. ಇದು ಅಸಂಭವ. ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ಹೇಳಿದರೆ ಸರಿಹೋಗುತ್ತದೆ ಎಂದು ಅವರು ಮುಗಿಸುತ್ತಾರೆ.

ಬೆಂಕಿ ನಿನ್ನ ಎಮ್ಮೆ. ಹೇಸರಗತ್ತೆ ನಿನ್ನ ಬಿಳಿ ಹಸು. ಮೊದಲ ಪ್ರಶ್ನೆಯಲ್ಲಿ ಲಕ್ಷಣ ತೀರಾ ಅಗಲವಾಯಿತು ಎಂದು ತೋರಿಸಿದೆ, ಮೂರನೆಯದರಲ್ಲಿ ತೀರಾ ಇಕ್ಕಟ್ಟಾಯಿತು ಎಂದು ತೋರಿಸಿದೆ. ಇವೆರಡೂ ಒಂದೇ ಪ್ರಶ್ನೆಯನ್ನು ಮತ್ತೆ ಕೇಳಿದ್ದಲ್ಲ. ಒಂದೇ ಬೇಲಿಯನ್ನು ಎರಡು ಕಡೆಯಿಂದ ಅಲುಗಾಡಿಸಿ ನೋಡಿದ್ದು. ಎರಡನೇ ಪ್ರಶ್ನೆಯಂತೂ ಬೇಲಿ ಎಲ್ಲಿ ಮುರಿದಿದೆಯೋ ಅಲ್ಲಿ ಗೂಟ ನೆಟ್ಟು ಕೊಡಲು ಹೋದದ್ದು. ಕೆಡವುವುದಷ್ಟೇ ಉದ್ದೇಶವಾಗಿದ್ದವರು ಹಾಗೆ ಮಾಡುವುದಿಲ್ಲ. ಈ ಮೂರರ ಮಟ್ಟಿಗೆ ನಿನ್ನ ಮೇಲಿನ ಆರೋಪ ನಿಲ್ಲುವುದಿಲ್ಲ.

ಇನ್ನೊಂದು ಮಾತು. ನಿನ್ನ ಹೇಸರಗತ್ತೆಗೆ ‘ಅಪವಾದ’ಕ್ಕಿಂತ ಒಳ್ಳೆಯ ಉತ್ತರವಿದೆ, ಅದರ ಅರ್ಧ ನಿಮ್ಮ ಮಿಸ್ ಆಗಲೇ ಕೊಟ್ಟಿದ್ದರು. ಹೇಸರಗತ್ತೆ ಮರಿ ಹಾಕುವುದಿಲ್ಲ ನಿಜ, ಆದರೆ ಅದರ ಮೈಯ ಜೀವಕೋಶಗಳು ಒಂದು ಎರಡಾಗುತ್ತಲೇ ಇರುತ್ತವೆ. ಅದರ ಗಾಯ ಮಾಯುವುದು, ಗೊರಸು ಬೆಳೆಯುವುದು ಅದರಿಂದಲೇ. ‘ತಮ್ಮಂಥದ್ದನ್ನು ಹುಟ್ಟಿಸುವುದು’ ಎಂಬುದನ್ನು ಇಡೀ ಪ್ರಾಣಿಗೆ ಅನ್ವಯಿಸುವ ಬದಲು ಜೀವಕೋಶಕ್ಕೆ ಅನ್ವಯಿಸಿದರೆ ಬೆಂಕಿ ಹೊರಗೆ ಹೋಗುತ್ತದೆ, ಹೇಸರಗತ್ತೆ ಒಳಗೆ ಬರುತ್ತದೆ. ಒಂದನೆಯ ಪ್ರಶ್ನೆಗೆ ಬಂದ ಉತ್ತರ ಮೂರನೆಯ ಪ್ರಶ್ನೆಯ ಬೀಗಕ್ಕೆ ಕೀಲಿಯಾಗಿತ್ತು. ನೀನು ಒಂದೇ ಪ್ರಶ್ನೆಗೆ ನಿಲ್ಲಿಸಿದ್ದರೆ ಈ ಕೀಲಿ ಇದೆ ಎಂದು ನಿಮಗಿಬ್ಬರಿಗೂ ತಿಳಿಯುತ್ತಿರಲಿಲ್ಲ. ನಾಲ್ಕನೆಯ ಪ್ರಶ್ನೆ ಬೇರೆ ದಿಕ್ಕಿಗೆ ಹೋದದ್ದರಿಂದ ಅದು ಕೈಗೂ ಸಿಗಲಿಲ್ಲ. ನಾಲ್ಕನೆಯದರ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಎರಡೂವರೆ ಸಾವಿರ ವರ್ಷದಷ್ಟು ಹಳೆಯದೊಂದು ಸಂಭಾಷಣೆಯನ್ನು ನಿನಗೆ ಪರಿಚಯ ಮಾಡಿಸಬೇಕು.

(ಸಭೆಗೊಂದು ಮಾತು: ಸಾಕ್ರಟೀಸನ ಹೆಸರು ಹೇಳಿದೊಡನೆ ಎಲ್ಲರೂ ವಿಷದ ಬಟ್ಟಲಿಗೆ ಹೋಗಿಬಿಡುತ್ತಾರೆ. ಪ್ರಶ್ನೆ ಕೇಳುವವನ ಗತಿ ಇಷ್ಟೇ ಎಂದು ಮಕ್ಕಳಿಗೆ ಹೇಳಲು ಅದೊಂದು ಸುಲಭದ ದಾರಿ. ನಾನು ಬೇಕೆಂದೇ ಅದನ್ನು ಬಿಟ್ಟು, ಅವನು ಪ್ರಶ್ನೆ ಕೇಳಿದ ಮೇಲೂ ಎಲ್ಲರೂ ಸ್ನೇಹದಲ್ಲೇ ಎದ್ದುಹೋದ ಒಂದು ಸಂದರ್ಭವನ್ನು ಆರಿಸಿಕೊಂಡೆ.)

ಪ್ಲೇಟೊ ಬರೆದ ಆ ಸಂಭಾಷಣೆಯ ಹೆಸರು ‘ಲಾಕೀಸ್’. ಲಾಕೀಸ್ ಅಥೆನ್ಸಿನ ಒಬ್ಬ ಸೇನಾಪತಿ. ನಿಕಿಯಾಸ್ ಇನ್ನೊಬ್ಬ ಸೇನಾಪತಿ. ಇಬ್ಬರು ವಯಸ್ಸಾದ ತಂದೆಯರು ಇವರನ್ನು ಕೇಳುತ್ತಾರೆ: ನಮ್ಮ ಹುಡುಗರಿಗೆ ಕವಚ ತೊಟ್ಟು ಹೋರಾಡುವ ವಿದ್ಯೆ ಕಲಿಸೋಣವೇ? ನಿಕಿಯಾಸ್ ಕಲಿಸಿ ಅನ್ನುತ್ತಾನೆ, ಲಾಕೀಸ್ ದಂಡ ಅನ್ನುತ್ತಾನೆ. ಅಲ್ಲೇ ಇದ್ದ ಸಾಕ್ರಟೀಸನನ್ನು ನಿನ್ನ ಮತ ಯಾರಿಗೆ ಎಂದು ಕೇಳಿದಾಗ ಅವನು, ಇದು ಕೈ ಎಣಿಸಿ ತೀರ್ಮಾನಿಸುವ ವಿಷಯವೇ, ಬಲ್ಲವರನ್ನು ಹುಡುಕಬೇಕಲ್ಲವೇ ಎನ್ನುತ್ತಾನೆ. ಹುಡುಗರಿಗೆ ಧೈರ್ಯ ಬರಲಿ ಎಂದೇ ಈ ವಿದ್ಯೆ ಕಲಿಸುವುದಾದರೆ, ಧೈರ್ಯ ಅಂದರೆ ಏನೆಂದು ಮೊದಲು ತಿಳಿದಿರಬೇಕು. ಮಾತು ಅಲ್ಲಿಗೆ ಬಂದು ನಿಲ್ಲುತ್ತದೆ.

ಇಲ್ಲಿ ಗಮನಿಸು. ಸಾಕ್ರಟೀಸ್ ಅವರಿಬ್ಬರಿಗಿಂತ ಕಿರಿಯ. ನಾನು ಚಿಕ್ಕವನು, ಹಿರಿಯರು ಮೊದಲು ಹೇಳಲಿ, ಕೇಳಿ ಕಲಿಯುತ್ತೇನೆ ಎಂದು ಆರಂಭದಲ್ಲೇ ಹೇಳಿ, ಅವರ ಮಾತು ಮುಗಿಯುವವರೆಗೆ ಸುಮ್ಮನೆ ಕೂತಿದ್ದವನು. ಲಾಕೀಸನಿಗೂ ಅವನ ಪರಿಚಯ ಇತ್ತು, ಆದರೆ ಚರ್ಚೆಯಿಂದಲ್ಲ. ಕ್ರಿ.ಪೂ. 424ರಲ್ಲಿ ಡೀಲಿಯಂ ಎಂಬಲ್ಲಿ ಅಥೆನ್ಸಿನ ಸೈನ್ಯ ಸೋತು ಓಡಿತು. ಆ ಹಿಮ್ಮೆಟ್ಟುವಿಕೆಯಲ್ಲಿ ಸಾಕ್ರಟೀಸ್ ತನ್ನ ಜೊತೆಗಿದ್ದ, ಉಳಿದವರೂ ಅವನಂತೆ ಇದ್ದಿದ್ದರೆ ನಮ್ಮ ಊರಿಗೆ ಆ ಗತಿ ಬರುತ್ತಿರಲಿಲ್ಲ ಎಂದು ಲಾಕೀಸನೇ ಎಲ್ಲರೆದುರು ಹೊಗಳುತ್ತಾನೆ. ಈ ಹೊಗಳಿಕೆಯನ್ನು ನೆನಪಿಟ್ಟುಕೋ, ಮತ್ತೆ ಬೇಕಾಗುತ್ತದೆ.

ಧೈರ್ಯ ಅಂದರೇನು? ಲಾಕೀಸ್ ಹೇಳುತ್ತಾನೆ: ಅದರಲ್ಲೇನು ಕಷ್ಟ, ಸಾಲಿನಲ್ಲಿ ತನ್ನ ಜಾಗ ಬಿಡದೆ, ಓಡಿಹೋಗದೆ, ಶತ್ರುವನ್ನು ಎದುರಿಸುವವನೇ ಧೈರ್ಯವಂತ.

ನೀನಾಗಿದ್ದರೆ ಏನು ಕೇಳುತ್ತಿದ್ದೆ? ನಾನು ಇಪ್ಪತ್ತರ ಹರೆಯದಲ್ಲಿ ಇದನ್ನು ಓದಿದಾಗ ಪುಟದ ಅಂಚಿನಲ್ಲಿ ಬರೆದಿದ್ದೆ: ‘ಹಾಗಾದರೆ ಡೀಲಿಯಂ?’ ಲಾಕೀಸ್ ಸ್ವಲ್ಪ ಹೊತ್ತಿನ ಹಿಂದೆ ಧೀರನೆಂದು ಹೊಗಳಿದ್ದು ಹಿಂದೆ ಸರಿಯುತ್ತಿದ್ದವನನ್ನು. ಈಗ ಹಿಂದೆ ಸರಿಯದವನೇ ಧೀರ ಎನ್ನುತ್ತಿದ್ದಾನೆ. ಅವನ ಮಾತು ಅವನಿಗೇ ಹೊಡೆಯುತ್ತದೆ. ಒಂದೇ ಏಟಿಗೆ ಸೇನಾಪತಿ ಚಿತ್ ಆಗುತ್ತಿದ್ದ, ಸುತ್ತಲಿದ್ದವರು ನಗುತ್ತಿದ್ದರು.

ಸಾಕ್ರಟೀಸ್ ಡೀಲಿಯಂ ಹೆಸರನ್ನೇ ಎತ್ತುವುದಿಲ್ಲ. ಅವನಿಗೆ ಅದು ನೆನಪಿತ್ತು, ಬೇಕೆಂದೇ ಬಿಟ್ಟ. ಮೊದಲು ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ: ನಾನು ಸರಿಯಾಗಿ ಕೇಳಲಿಲ್ಲವೇನೋ, ಅದಕ್ಕೇ ನಾನು ಮನಸ್ಸಿನಲ್ಲಿಟ್ಟುಕೊಂಡ ಪ್ರಶ್ನೆಗೆ ಬದಲು ನೀನು ಬೇರೊಂದಕ್ಕೆ ಉತ್ತರಿಸಿದೆ. ಆಮೇಲೆ ಬಹಳ ದೂರದ ಉದಾಹರಣೆಯೊಂದನ್ನು ತರುತ್ತಾನೆ. ಸಿಥಿಯನ್ನರು ಓಡುತ್ತಲೇ ಹೋರಾಡುತ್ತಾರಂತಲ್ಲ? ಲಾಕೀಸ್ ಸುಮ್ಮನೆ ಒಪ್ಪುವವನಲ್ಲ. ಅವರು ಕುದುರೆ ಸವಾರರು, ನಾನು ಹೇಳಿದ್ದು ಕಾಲಾಳುಗಳ ವಿಷಯ ಎನ್ನುತ್ತಾನೆ. ನ್ಯಾಯವಾದ ಆಕ್ಷೇಪ. ಸಾಕ್ರಟೀಸ್ ಅದನ್ನು ಒಪ್ಪಿ, ಕಾಲಾಳುಗಳದೇ ಉದಾಹರಣೆ ಹುಡುಕುತ್ತಾನೆ: ಪ್ಲಾಟಿಯದಲ್ಲಿ (ಕ್ರಿ.ಪೂ. 479ರ ಯುದ್ಧ ಅದು) ಸ್ಪಾರ್ಟಾದವರು ಪರ್ಷಿಯನ್ನರೆದುರು ನಿಲ್ಲದೆ ಓಡಿದರು, ಬೆನ್ನಟ್ಟಿ ಬಂದ ಶತ್ರುಗಳ ಸಾಲು ಚೆದುರಿದಾಗ ತಿರುಗಿ ಬಿದ್ದು ಗೆದ್ದರು ಅಲ್ಲವೇ? ಹೌದು ಎನ್ನುತ್ತಾನೆ ಲಾಕೀಸ್. ಲಕ್ಷಣ ಬಿತ್ತು, ಲಾಕೀಸ್ ಬೀಳಲಿಲ್ಲ.

ಇದೇ ಕೌಶಲ, ಮಗೂ. ಅವನು ಕೇಳಿದ ಎರಡನೇ ಪ್ರಶ್ನೆಗೂ ಮೊದಲನೆಯದಕ್ಕೂ ಏನು ವ್ಯತ್ಯಾಸ ನೋಡು. ಲಾಕೀಸನ ಆಕ್ಷೇಪವನ್ನು ಒಳಗೆ ತೆಗೆದುಕೊಂಡೇ ಎರಡನೆಯದು ಹುಟ್ಟಿತು. ‘ಕಾಲಾಳುಗಳು’ ಎಂಬ ಮಾತು ಲಾಕೀಸನದು. ಉತ್ತರವನ್ನು ನಿಜವಾಗಿ ಕೇಳಿಸಿಕೊಂಡವರಿಗೆ ಮಾತ್ರ ಅಂಥ ಪ್ರಶ್ನೆ ಹೊಳೆಯುತ್ತದೆ. ಯಾವ ಉತ್ತರ ಬಂದರೂ ‘ಯಾಕೆ?’ ಅನ್ನುತ್ತ ಹೋಗುವುದು ಇದಲ್ಲ. ಹಾಗೆ ಕೇಳಲು ಉತ್ತರವನ್ನು ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ, ಗೋಡೆಯ ಎದುರು ನಿಂತೂ ಕೇಳಬಹುದು. ಅದು ಎಲ್ಲೂ ನಿಲ್ಲುವುದಿಲ್ಲ, ತರ್ಕದವರು ಅದಕ್ಕೆ ಅನವಸ್ಥೆ ಎಂದೇ ಹೆಸರಿಟ್ಟಿದ್ದಾರೆ. ನಿನ್ನ ಮುಂದಿನ ಪ್ರಶ್ನೆಯಲ್ಲಿ ಎದುರಿನವರ ಹಿಂದಿನ ಉತ್ತರದ ಒಂದು ಪದವಾದರೂ ಇದೆಯೇ ಎಂದು ನೋಡಿಕೋ. ‘ಹಾಗಾದರೆ ಜೀವಕೋಶ…’ ಎಂದು ನೀನು ಕೇಳಿದ ಎರಡನೇ ಪ್ರಶ್ನೆಯಲ್ಲಿ ಅದಿತ್ತು.

ಮುಂದೆ ಸಾಕ್ರಟೀಸ್ ತನಗೆ ಎಂಥ ಉತ್ತರ ಬೇಕು ಅನ್ನುವುದನ್ನು ತಾನೇ ಮಾಡಿ ತೋರಿಸುತ್ತಾನೆ. ಇದನ್ನು ಪ್ರಶ್ನೆ ಕೇಳುವವರು ಮಾಡುವುದು ಬಹಳ ಅಪರೂಪ. ವೇಗ ಅಂದರೇನು ಎಂದು ನನ್ನನ್ನು ಕೇಳಿದರೆ, ಓಡುವುದಿರಲಿ, ವಾದ್ಯ ನುಡಿಸುವುದಿರಲಿ, ಮಾತಿರಲಿ, ಕಲಿಯುವುದಿರಲಿ, ಕಡಿಮೆ ಹೊತ್ತಿನಲ್ಲಿ ಹೆಚ್ಚು ಮಾಡುವ ಶಕ್ತಿ ಎನ್ನುತ್ತೇನೆ. ಧೈರ್ಯಕ್ಕೂ ಅಂಥದ್ದೊಂದು ಹೇಳು, ರಣರಂಗದಲ್ಲೂ ಕಾಯಿಲೆಯಲ್ಲೂ ಬಡತನದಲ್ಲೂ ಸಮುದ್ರದ ಮೇಲೂ ಒಂದೇ ಆಗಿ ಇರುವಂಥದ್ದು. ಲಾಕೀಸನಿಗೆ ಈಗ ಅರ್ಥವಾಗುತ್ತದೆ. ಎರಡನೇ ಉತ್ತರ ಕೊಡುತ್ತಾನೆ: ಧೈರ್ಯ ಅಂದರೆ ಮನಸ್ಸಿನ ತಾಳಿಕೆ.

ಮೊದಲನೆಯದಕ್ಕಿಂತ ಎಷ್ಟು ಒಳ್ಳೆಯ ಉತ್ತರ ಇದು! ಆದರೂ ಸಾಕ್ರಟೀಸ್ ಬಿಡುವುದಿಲ್ಲ. ತಾಳಿಕೆಯೆಲ್ಲ ಧೈರ್ಯವೇ? ದಡ್ಡತನದ ತಾಳಿಕೆ ಕೇಡು ತರುತ್ತದಲ್ಲ, ಧೈರ್ಯವಾದರೋ ಒಳ್ಳೆಯದು. ಹಾಗಾದರೆ ತಿಳಿವಳಿಕೆಯ ತಾಳಿಕೆಯೇ ಧೈರ್ಯ ಎಂದು ಇಬ್ಬರೂ ಒಪ್ಪುತ್ತಾರೆ. ಈಗ ಇಬ್ಬರು ಸೈನಿಕರನ್ನು ಕಣ್ಣ ಮುಂದೆ ತಂದುಕೋ. ಒಬ್ಬ ಲೆಕ್ಕ ಹಾಕಿ ನಿಂತಿದ್ದಾನೆ: ತನ್ನ ಜಾಗ ಅನುಕೂಲವಾಗಿದೆ, ಎದುರಾಳಿಗಳು ಕಡಿಮೆ, ಸಹಾಯಕ್ಕೆ ಜನ ಬರುತ್ತಾರೆ ಎಂದು ಅವನಿಗೆ ಗೊತ್ತು. ಇನ್ನೊಬ್ಬ ಎದುರು ಪಾಳೆಯದವನು. ಅವನಿಗೆ ಈ ಯಾವುದೂ ಇಲ್ಲ, ಆದರೂ ನಿಂತಿದ್ದಾನೆ. ಇಬ್ಬರಲ್ಲಿ ಯಾರು ಹೆಚ್ಚು ಧೈರ್ಯವಂತ? ಲಾಕೀಸ್ ಸೈನಿಕ, ಅವನಿಗೆ ಉತ್ತರ ಅನುಭವದಿಂದ ಗೊತ್ತು: ಎರಡನೆಯವನು. ಆದರೆ ಇಬ್ಬರಲ್ಲಿ ಯಾರ ತಾಳಿಕೆಯಲ್ಲಿ ತಿಳಿವಳಿಕೆ ಹೆಚ್ಚು? ಮೊದಲನೆಯವನದರಲ್ಲಿ. ಹಾಗಾದರೆ ತಿಳಿವಳಿಕೆ ಕಡಿಮೆ ಇರುವ ತಾಳಿಕೆಯನ್ನೇ ಹೆಚ್ಚು ಧೈರ್ಯ ಅಂದಂತಾಯಿತು. ಸ್ವಲ್ಪ ಹೊತ್ತಿನ ಹಿಂದೆ ಒಪ್ಪಿದ್ದು ಇದರ ತದ್ವಿರುದ್ಧ.

ಲಾಕೀಸ್ ಎರಡು ಮಾತು ಒಪ್ಪಿದ್ದ. ಎರಡೂ ಅವನಿಗೆ ನಿಜವೆಂದೇ ಕಂಡಿದ್ದವು, ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಸಾಕ್ರಟೀಸ್ ಹೊರಗಿನಿಂದ ಏನನ್ನೂ ತಂದು ಹೇರಲಿಲ್ಲ. ಬೇರೆ ಬೇರೆ ಕೋಣೆಯಲ್ಲಿದ್ದ ಅವನವೇ ಎರಡು ನಂಬಿಕೆಗಳನ್ನು ಒಂದೇ ಚಾಪೆಯ ಮೇಲೆ ಕೂರಿಸಿದ. ಪದೇಪದೇ ಕೇಳದೆ ಇದು ಆಗುವುದಿಲ್ಲ. ಒಂದು ಪ್ರಶ್ನೆಗೆ ಒಂದು ನಂಬಿಕೆ ಮಾತ್ರ ಹೊರಗೆ ಬರುತ್ತದೆ. ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಲು ಕಡೇಪಕ್ಷ ಮೂರು ನಾಲ್ಕು ಬೇಕು.

ಈಗ ಲಾಕೀಸನಿಗೆ ಏನನ್ನಿಸಿತು? ಅವನಿಗೆ ಸಿಟ್ಟು ಬಂತು, ಅದನ್ನವನು ಮುಚ್ಚಿಡುವುದಿಲ್ಲ. ಇಂಥ ಮಾತುಕತೆ ನನಗೆ ಅಭ್ಯಾಸವಿಲ್ಲ, ಆದರೆ ಈಗ ನನಗೂ ಹಟ ಹಿಡಿದಿದೆ, ಧೈರ್ಯ ಏನೆಂದು ನನಗೆ ಗೊತ್ತಿದೆ ಅನ್ನಿಸುತ್ತದೆ, ಆದರೆ ಮಾತಿನಲ್ಲಿ ಹಿಡಿಯಲು ಹೋದರೆ ಜಾರಿಹೋಗುತ್ತದೆ, ಅದಕ್ಕೇ ರೇಗುತ್ತಿದೆ ಎನ್ನುತ್ತಾನೆ. ಆ ಸಿಟ್ಟು ಯಾರ ಮೇಲೆ ನೋಡು. ಸಾಕ್ರಟೀಸನ ಮೇಲಲ್ಲ, ಕೈಗೆ ಸಿಗದ ಆ ಉತ್ತರದ ಮೇಲೆ. ಕೇಳುವ ಕೆಲಸ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ನಾನು ಬಲ್ಲ ಅತ್ಯುತ್ತಮ ಗುರುತು ಇದು. ಎದುರಿನವರು ವಿಷಯದ ಜೊತೆ ಗುದ್ದಾಡುತ್ತಿದ್ದಾರೋ, ನಿನ್ನ ಜೊತೆಯೋ?

ಇನ್ನು ನಿನ್ನ ನಾಲ್ಕನೆಯ ಪ್ರಶ್ನೆ. ‘ಅಪವಾದ ಅಂತ ಯಾರು ತೀರ್ಮಾನ ಮಾಡೋದು?’ ಪ್ರಶ್ನೆ ಕೆಟ್ಟದ್ದೇನಲ್ಲ, ಅದರ ಮೇಲೆ ಪುಸ್ತಕಗಳನ್ನೇ ಬರೆಯಬಹುದು. ಆದರೆ ಅದರಲ್ಲಿರುವ ‘ಯಾರು’ ಎಂಬ ಪದ ನೋಡು. ಮೂರು ಪ್ರಶ್ನೆಗಳವರೆಗೆ ನೀನು ಜೀವಿಯ ಬಗ್ಗೆ ಕೇಳುತ್ತಿದ್ದೆ. ನಾಲ್ಕನೆಯದರಲ್ಲಿ ಮಿಸ್ ಕಡೆಗೆ ತಿರುಗಿದೆ. ತರಗತಿ ನಕ್ಕದ್ದು ಅದಕ್ಕೇ, ಬೆಂಕಿಗೂ ಹೇಸರಗತ್ತೆಗೂ ಯಾರೂ ನಕ್ಕಿರಲಿಲ್ಲ. ಅದೇ ಸಂಶಯವನ್ನು ‘ಯಾವಾಗ ಅಪವಾದ ಅಂತ ಬಿಡಬಹುದು, ಯಾವಾಗ ಲಕ್ಷಣವನ್ನೇ ತಿದ್ದಬೇಕು?’ ಅಂತ ಕೇಳಿದ್ದರೆ ಅದು ವಿಷಯದೊಳಗೇ ಉಳಿಯುತ್ತಿತ್ತು. ನಿನಗೆ ಆಗ ಬೇಕಾಗಿದ್ದದ್ದೂ ಅದೇ ಎಂದು ನಾನು ನಂಬುತ್ತೇನೆ. ಆದರೆ ಅಷ್ಟು ಹೊತ್ತಿಗೆ ಗೆಲ್ಲುತ್ತಿದ್ದೇನೆ ಎಂಬ ಸಣ್ಣ ಖುಷಿ ನಿನ್ನೊಳಗೆ ಹೊಕ್ಕಿರಲಿಲ್ಲವೇ? ನನಗೆ ಬರೆಯಬೇಡ, ನಿನಗೆ ನೀನೇ ಹೇಳಿಕೋ. ವಾದ ಜಲ್ಪಕ್ಕೆ ಹೊರಳುವುದು ಇಂಥ ಕಡೆಯಲ್ಲೇ, ಮತ್ತು ಅದು ಹೊರಳಿದ್ದು ಒಳಗಿನವರಿಗೇ ಮೊದಲು ಗೊತ್ತಾಗುತ್ತದೆ.

ಐದನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಉತ್ತರ ಬಂತಾ?’ ಅನ್ನುವುದು ಪ್ರಶ್ನೆಯಲ್ಲ, ಲೆಕ್ಕ ಚುಕ್ತಾ ಮಾಡುವ ಮಾತು.

ನಿಮ್ಮ ಮಿಸ್ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಲಾಕೀಸ್ ತನ್ನನ್ನು ಪರೀಕ್ಷಿಸಲು ಸಾಕ್ರಟೀಸನಿಗೆ ಮೊದಲೇ ಒಪ್ಪಿಗೆ ಕೊಟ್ಟಿದ್ದ: ನನಗೆ ಕಲಿಸು, ಬೇಕಾದರೆ ಖಂಡಿಸು, ನಿನ್ನ ವಯಸ್ಸು ನನಗೆ ಮುಖ್ಯವಲ್ಲ ಎಂದಿದ್ದ. ಕಾರಣ ಡೀಲಿಯಂ. ಆ ದಿನ ತನ್ನ ಪಕ್ಕದಲ್ಲಿ ನಡೆದವನು ತನ್ನನ್ನು ಕೀಳುಮಾಡಲು ಕೇಳುವುದಿಲ್ಲ ಎಂಬ ನಂಬಿಕೆ ಅವನಿಗಿತ್ತು. ಜೊತೆಗೆ ಅಲ್ಲಿ ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ನಿಮ್ಮ ಮಿಸ್‌ಗೆ ಇದ್ದದ್ದು ನಲವತ್ತು ನಿಮಿಷ, ಎದುರಿಗೆ ಇಡೀ ತರಗತಿ, ಮುಗಿಸಬೇಕಾದ ಪಾಠ. ನೀನು ಅವರಿಂದ ಒಪ್ಪಿಗೆ ಕೇಳಿರಲಿಲ್ಲ, ಕೇಳಬೇಕೆಂದು ನಿನಗೆ ಯಾರೂ ಹೇಳಿಕೊಟ್ಟಿರಲೂ ಇಲ್ಲ. ಮೂರನೇ ಪ್ರಶ್ನೆಯ ಹೊತ್ತಿಗೆ ‘ಮಿಸ್, ಇದರ ಮೇಲೆ ಇನ್ನೊಂದೆರಡು ಇದೆ, ಈಗ ಕೇಳಲಾ, ಪಾಠ ಆದಮೇಲೆ ಬರಲಾ?’ ಅಂದಿದ್ದರೆ ಹೇಸರಗತ್ತೆಗೆ ಉತ್ತರ ಸಿಗುತ್ತಿತ್ತೋ ಏನೋ. ಸಿಗದೆಯೂ ಇರಬಹುದಿತ್ತು. ಎಷ್ಟೇ ನಯವಾಗಿ ಕೇಳಿದರೂ ಕೇಳಿದ್ದನ್ನೇ ಅಪರಾಧವೆಂದು ನೋಡುವ ಹಿರಿಯರಿದ್ದಾರೆ, ಅವರೆದುರು ಯಾವ ಕೌಶಲವೂ ನಡೆಯುವುದಿಲ್ಲ. ಅದು ನಿನ್ನ ತಪ್ಪಲ್ಲ.

ಆ ಸಂಭಾಷಣೆ ಹೇಗೆ ಮುಗಿಯುತ್ತದೆ ಎಂದು ಕೇಳುತ್ತೀಯ. ಧೈರ್ಯ ಅಂದರೇನೆಂದು ಕೊನೆಗೂ ಗೊತ್ತಾಗುವುದಿಲ್ಲ. ನಿಕಿಯಾಸ್ ಕೊಟ್ಟ ಲಕ್ಷಣವೂ ನಿಲ್ಲುವುದಿಲ್ಲ. ನಮಗೆಲ್ಲರಿಗೂ ಒಬ್ಬ ಮೇಷ್ಟ್ರು ಬೇಕು, ನನಗೂ ಸೇರಿಸಿ, ಎನ್ನುತ್ತಾನೆ ಸಾಕ್ರಟೀಸ್. ಆ ಹುಡುಗರ ಮುದುಕ ತಂದೆ ಅವನನ್ನು ನಾಳೆ ಬೆಳಗ್ಗೆಯೇ ಮನೆಗೆ ಬಾ ಎಂದು ಕರೆಯುತ್ತಾನೆ, ಇವನು ದೈವಚಿತ್ತವಿದ್ದರೆ ಬರುತ್ತೇನೆ ಎನ್ನುತ್ತಾನೆ.

ನಿನ್ನ,
ಮೇಷ್ಟ್ರು

ಪತ್ರ ಇಲ್ಲಿಗೆ ಮುಗಿಯಿತು. ಎಂಟು ದಿನಕ್ಕೆ ಅವಳ ಉತ್ತರ ಬಂತು, ಅರ್ಧ ಪುಟ. ಧನ್ಯವಾದ ಇತ್ತು, ನಾಲ್ಕನೇ ಪ್ರಶ್ನೆಯ ವಿಷಯದಲ್ಲಿ ನಾನು ಹೇಳಿದ್ದು ಸರಿ, ಸಣ್ಣ ಖುಷಿ ಇತ್ತು ಎಂಬ ಒಪ್ಪಿಗೆಯೂ ಇತ್ತು, ಬರೆಯಬೇಡ ಎಂದಿದ್ದರೂ ಬರೆದಿದ್ದಳು. ಅದರ ಕೆಳಗೆ: ‘ಸರ್, ಸಾಕ್ರಟೀಸನಿಗೆ ಡೀಲಿಯಂ ನೆನಪಿತ್ತು, ಬೇಕೆಂದೇ ಬಿಟ್ಟ ಅಂತ ಬರೆದಿದ್ದೀರಿ. ಅದು ಪುಸ್ತಕದಲ್ಲೇ ಇದೆಯಾ, ನೀವು ಹೇಳ್ತಿರೋದಾ?’

ನಾನು ಪುಸ್ತಕ ತೆಗೆದು ನೋಡಿದೆ. ಲಾಕೀಸ್ ಹೊಗಳುವಾಗ ಸಾಕ್ರಟೀಸ್ ಅಲ್ಲೇ ಇದ್ದ, ಕೇಳಿಸಿಕೊಂಡಿದ್ದ. ಪುಸ್ತಕದಲ್ಲಿ ಇರುವುದು ಅಷ್ಟೇ. ಬೇಕೆಂದೇ ಬಿಟ್ಟ ಎಂಬುದು ಅಲ್ಲಿಲ್ಲ. ಮೂವತ್ತು ವರ್ಷ ಪಾಠ ಮಾಡುತ್ತ ಮಾಡುತ್ತ ನಾನು ಸೇರಿಸಿಕೊಂಡದ್ದು ಅದು, ಸೇರಿಸಿದ್ದು ಮರೆತೇಹೋಗಿತ್ತು. ಹಾಗೆಂದೇ ಅವಳಿಗೆ ಬರೆದೆ: ಅದು ನನ್ನ ಊಹೆ, ‘ನನಗನ್ನಿಸುತ್ತದೆ’ ಎಂದು ಸೇರಿಸಿ ಓದಿಕೋ.

ಅದಕ್ಕೂ ಉತ್ತರ ಬಂದಿದೆ. ಈ ಸಲ ಒಂದೇ ಸಾಲು: ‘ಹಾಗೆ ಅನ್ನಿಸೋಕೆ ಆ ಪುಟದಲ್ಲಿ ಏನಿದೆ ಸರ್, ತೋರಿಸ್ತೀರಾ, ಇಲ್ಲ ರಜೆಯಲ್ಲಿ ಬಂದು ಕೇಳಲಾ?’